ಒಂದು ನಂಬರು, ಒಂದು ದೂರು

ದೂರು ಬರೆಯುವ ಜನ ಮೊದಲು ಹೇಳಬೇಕಾದದ್ದನ್ನು ಕೊನೆಗೆ ಹೇಳುತ್ತಾರೆ. ಎರಡು ವರ್ಷದಲ್ಲಿ, ಚೀಟಿ ಎಂದು ಎಲ್ಲರೂ ಕರೆಯುವ ಹುಡುಗಿ ಕಲಿತ ಮೊದಲ ಪಾಠ ಇದು. "ನಿಮ್ಮ ಗೀಸರ್ ತಗೊಂಡಿದ್ದು ನಮ್ಮ ಮಗಳ ಮದುವೆಯಾದ ವರ್ಷ. ಅವಳಿಗೀಗ ಇಬ್ಬರು ಮಕ್ಕಳು. ಅಳಿಯ ಒಳ್ಳೆಯವನೇ, ಸ್ವಲ್ಪ ಸೋಮಾರಿ" ಎಂದು ಶುರುವಾಗುವ ಪುರಾಣ ಹದಿನೆಂಟು ಸಾಲು ನಡೆದು, ಕೊನೆಗೆ "ಅಂದ ಹಾಗೆ, ಕೆಳಗಿನಿಂದ ನೀರು ಸೋರುತ್ತಿದೆ" ಎಂದು ಮುಗಿಯುತ್ತದೆ. ಅಷ್ಟನ್ನೂ ಓದಿ ಅವಳು ಪಕ್ಕದ ಚೌಕದಲ್ಲಿ ತುಂಬಬೇಕಾದದ್ದು ಒಂದೇ ಪದ: ಸೋರಿಕೆ.

ಅದೇ ಅವಳ ಉದ್ಯೋಗ. ಗೀಸರ್ ಮಾಡುವ ಕಂಪನಿಯ ಮೂರನೇ ಮಹಡಿ, ಕಿಟಕಿ ತೆರೆಯದ ಕೋಣೆ, ಎರಡು ಕಂಪ್ಯೂಟರು. ಫೋನಿನಲ್ಲಿ ಬಂದದ್ದು, ಆ್ಯಪಿನಲ್ಲಿ ಬಂದದ್ದು, ಸರ್ವಿಸ್ ಸೆಂಟರಿನ ಕಾಗದದಲ್ಲಿ ಬಂದದ್ದು ಎಲ್ಲವೂ ಒಂದೇ ಹಾಳೆಗೆ ಬಂದು ಬೀಳುತ್ತಿದ್ದವು. ಒಂದೊಂದನ್ನೂ ಓದಿ ಹದಿನಾಲ್ಕು ಗುಂಪುಗಳಲ್ಲಿ ಒಂದರ ಚೀಟಿ ಅಂಟಿಸಬೇಕು. ತಿಂಗಳ ಕೊನೆಗೆ ಯಾವ ಗುಂಪಿನಲ್ಲಿ ಎಷ್ಟೆಂದು ಎಣಿಸಿ ಎರಡು ಪುಟದ ಸಾರಾಂಶ ಮಾಡಬೇಕು. ಹೀಗೆ ಅಂಟಿಸಿ ಅಂಟಿಸಿ ಅವಳೇ ಚೀಟಿಯಾದಳು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಸಿರಾಡುತ್ತಿತ್ತು.

ಪಕ್ಕದ ಕುರ್ಚಿಯಲ್ಲಿ ಎಲ್ಲರೂ ತಾತ ಎನ್ನುವವರು. ಇಪ್ಪತ್ತೇಳು ವರ್ಷ ಮನೆಮನೆಗೆ ಹೋಗಿ ಗೀಸರ್ ಬಿಚ್ಚಿ ಜೋಡಿಸಿದ ಮೆಕ್ಯಾನಿಕ್. ಮಂಡಿ ಸವೆದ ಮೇಲೆ ಕಂಪನಿ ಅವರನ್ನು ಮನೆಗೂ ಕಳಿಸದೆ ಗಿರಾಕಿಗಳ ಮೆಟ್ಟಿಲೂ ಹತ್ತಿಸದೆ ಕಂಪ್ಯೂಟರಿನ ಮುಂದೆ ತಂದು ಕೂರಿಸಿತ್ತು. ಕೀಲಿಗಳನ್ನು ಅವರು ಒತ್ತುತ್ತಿರಲಿಲ್ಲ, ಮೊಳೆ ಹೊಡೆದಂತೆ ಹೊಡೆಯುತ್ತಿದ್ದರು.

ಮೇಲಧಿಕಾರಿಗೆ ಇಡೀ ಮಹಡಿ ಇಟ್ಟ ಹೆಸರು ಬಾಣದ ಸಾಹೇಬರು. ಸಾರಾಂಶದ ಮೊದಲ ಪುಟದಲ್ಲಿ ಒಟ್ಟು ದೂರಿನ ಪಕ್ಕ ಒಂದು ಬಾಣ ಇರುತ್ತಿತ್ತು. ದೂರು ಹೆಚ್ಚಾದರೆ ಕೆಂಪು, ಮೇಲ್ಮುಖ. ಕಡಿಮೆಯಾದರೆ ಹಸಿರು, ಕೆಳಮುಖ. ಮಿಕ್ಕಿದ್ದೆಲ್ಲ ಅವರಿಗೆ ಆ ಬಾಣದ ಕೆಳಗಿನ ಕಸ.

ಮೂರು ತಿಂಗಳ ಹಿಂದೆ ಆ ಬಾಣವನ್ನು ಹಸಿರು ಮಾಡಿದವಳು ಚೀಟಿಯೇ. ಆ ತಿಂಗಳು ಒಬ್ಬ ನಿವೃತ್ತ ಹೆಡ್‌ಮಾಸ್ತರರು ಕೆಂಪು ದೀಪದ ಬಗ್ಗೆ ಅರವತ್ತೊಂದು ದೂರು ಕೊಟ್ಟಿದ್ದರು. ಬೆಳಗ್ಗೆ ಒಂದು, ಸಂಜೆ ಒಂದು, ಮಾತ್ರೆ ನುಂಗುವ ಶಿಸ್ತಿನಲ್ಲಿ. ಒಬ್ಬ ಮನುಷ್ಯನ ಅರವತ್ತೊಂದನ್ನು ಅರವತ್ತೊಂದು ಎಂದು ಎಣಿಸಿದರೆ ಸಾರಾಂಶದ ಗತಿಯೇನು? ಮೊದಲ ಆರನ್ನು ಓದಿ ಅವಳ ತಾಳ್ಮೆ ತೀರಿತು. ಅವಳೊಂದು ನಿಯಮ ಮಾಡಿದಳು: ಒಂದು ತಿಂಗಳಲ್ಲಿ ಒಂದು ಫೋನ್ ನಂಬರಿನಿಂದ ಎಷ್ಟೇ ದೂರು ಬರಲಿ, ಮೊದಲನೆಯದನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಚೀಟಿ ಅಂಟಿಸುವ ಮೊದಲೇ ತೆಗೆದುಹಾಕುವುದು. ಒಂದು ನಂಬರು, ಒಂದು ದೂರು. ಒಂದು ಗುಂಡಿ ಒತ್ತಿದರೆ ಮುಗಿಯಿತು.

ಒಟ್ಟು ದೂರು ನೂರಕ್ಕೆ ಹದಿನೆಂಟರಷ್ಟು ಇಳಿಯಿತು. ಸಾಹೇಬರು ಕುರ್ಚಿಯಿಂದ ಎದ್ದು ಬಂದು ಅವಳ ಮೇಜು ತಟ್ಟಿದರು. "ಭೇಷ್! ಇದಪ್ಪಾ ಬುದ್ಧಿ ಅಂದ್ರೆ!" ಕೆಲಸ ಕಾಯಂ ಮಾಡುವ ಶಿಫಾರಸಿನಲ್ಲಿ ಆ ನಿಯಮವನ್ನೇ ಅವಳ ಸಾಧನೆ ಎಂದು ಬರೆದರು. ಮುಂದಿನ ತಿಂಗಳ ಒಂದನೇ ತಾರೀಕು ಕಾಗದ ಕೈಗೆ ಬರುವುದಿತ್ತು. ಕಾಯಂ ಆದವರಿಗೆ ಮಾತ್ರ ಕಂಪನಿಯ ಹೆಣ್ಣುಮಕ್ಕಳ ವಸತಿಯಲ್ಲಿ ಕೋಣೆ. ಚಿಲಕ ಇರುವ ಬಾಗಿಲು, ತನ್ನದೇ ಸ್ವಿಚ್ಚು. ಎರಡು ವರ್ಷದಿಂದ ಅವಳು ಅಕ್ಕನ ಮನೆಯ ಹಜಾರದಲ್ಲಿ, ಟಿವಿ ಮತ್ತು ಚಪ್ಪಲಿ ಸ್ಟ್ಯಾಂಡಿನ ನಡುವೆ ಮಲಗುತ್ತಿದ್ದಳು. ಭಾವನ ಪಂದ್ಯ ಮುಗಿಯದೆ ಅವಳ ಹಾಸಿಗೆ ಬಿಚ್ಚುವಂತಿರಲಿಲ್ಲ. ಪಂದ್ಯಗಳೋ, ಒಂದು ಮುಗಿದರೆ ಇನ್ನೊಂದು.

ತಿಂಗಳ ಕೊನೆಯ ವಾರ. ಸಾರಾಂಶಕ್ಕೆ ಮೊದಲು ತಾಳೆ ನೋಡುವ ಶಾಸ್ತ್ರ ಒಂದಿತ್ತು. ಇಬ್ಬರೂ ಒಂದೇ ನೂರು ದೂರುಗಳಿಗೆ, ಒಬ್ಬರದ್ದನ್ನೊಬ್ಬರು ನೋಡದೆ, ಚೀಟಿ ಹಾಕಬೇಕು. ನೂರರಲ್ಲಿ ಎಂಬತ್ತೈದಾದರೂ ಹೊಂದಬೇಕು. ಹೊಂದದಿದ್ದರೆ ಗುಂಪುಗಳ ವಿವರಣೆಯಲ್ಲೇ ಗೊಂದಲವಿದೆ ಎಂದರ್ಥ. ಈ ಸಲ ಹೊಂದಿದ್ದು ಹದಿನೇಳು.

"ತಾತಾ, ಏನಿದು? ಕಣ್ಣು ಮುಚ್ಕೊಂಡು ಹಾಕಿದ್ರಾ?"

"ಕಣ್ಣು ತೆಗೆದೇ ಹಾಕಿದೀನಿ ಕಣಮ್ಮಾ. ಮಂಡಿ ಹೋಗಿರೋದು, ಕಣ್ಣಲ್ಲ."

ಅವಳು ಎದ್ದು ಹೋಗಿ ಅವರ ಪರದೆ ನೋಡಿದಳು. ನೋಡಿ ಹಣೆ ಚಚ್ಚಿಕೊಂಡಳು. ನಿಯಮ ಹಾಕಿ ಸೋಸಿದ ಹಾಳೆಯಿಂದ ಅವಳು ಅಲ್ಲೊಂದು ಇಲ್ಲೊಂದು ಆರಿಸಿಕೊಟ್ಟ ನೂರನ್ನು ಬಿಟ್ಟು, ತಾತ ಸೋಸದ ಮೂಲ ಹಾಳೆ ತೆರೆದು ಮೇಲಿನಿಂದ ನೂರಕ್ಕೆ ಚೀಟಿ ಹಾಕಿದ್ದರು.

"ಅಯ್ಯೋ ದೇವರೇ! ಹಾಳೆನೇ ತಪ್ಪು! ಎಷ್ಟು ಸಲ ಹೇಳಿದೀನಿ, ಹಸಿರು ಹಾಳೆ, ಹಸಿರು ಹಾಳೆ ಅಂತ?"

"ಹಸಿರೋ ನೀಲಿನೋ, ಯಾರಿಗ್ಗೊತ್ತು? ಎರಡು ದಿನ ಕೂತು ಹಾಕಿದೀನಿ. ಈಗ ತಪ್ಪು ಅಂದ್ರೆ?"

"ಇನ್ನೊಂದ್ಸಲ ಹಾಕ್ಬೇಕು."

"ಹಾಕ್ತೀನಿ. ಹಾಕೋಕ್ ಮುಂಚೆ ಇದನ್ನ ಹೇಳು." ತಾತ ಪೆನ್ನಿನ ಹಿಂದುಗಡೆಯಿಂದ ಪರದೆ ಕುಟ್ಟಿದರು. "ನಿನ್ನ ಲೆಕ್ಕದಲ್ಲಿ ಈ ತಿಂಗಳು ಅತಿ ಬಿಸಿ ಗುಂಪಲ್ಲಿ ಎಷ್ಟು?"

"ಹನ್ನೊಂದು. ಇಡೀ ತಿಂಗಳಿಗೆ."

"ನನ್ನ ನೂರರಲ್ಲೇ ಒಂಬತ್ತಿದೆಯಲ್ಲೇ!"

ಅವಳು ಬಗ್ಗಿ ಓದಿದಳು. ನೀರು ಕುದಿಯುತ್ತದೆ, ಗೀಸರ್ ತಾನಾಗಿ ಆರುವುದಿಲ್ಲ. ಆರಿಸದಿದ್ದರೆ ಹಬೆ ಬರುತ್ತದೆ. ಟ್ಯಾಂಕಿನೊಳಗೆ ಸದ್ದು. ಒಂಬತ್ತಕ್ಕೂ ಒಂದೇ ಫೋನ್ ನಂಬರು. ಅವಳಿಗೆ ಸಮಾಧಾನವಾಯಿತು. "ನೋಡಿ, ಒಬ್ಬನೇ ಕೂತು ಒಂಬತ್ತು ಸಲ ಗೋಳಾಡಿದಾನೆ. ಇನ್ನೊಬ್ಬ ಹೆಡ್‌ಮಾಸ್ತರು. ಅದಕ್ಕೇ ನಿಯಮ ಇರೋದು."

"ವಿಳಾಸ ನೋಡು."

ನೋಡಿದಳು. ಒಂಬತ್ತು ದೂರು, ಒಂಬತ್ತು ವಿಳಾಸ. ಬೇರೆ ಬೇರೆ ಬೀದಿ, ಬೇರೆ ಬೇರೆ ಮನೆ.

ಸಮಾಧಾನ ಬಂದಷ್ಟೇ ಬೇಗ ಎದ್ದುಹೋಯಿತು. ಅವಳು ಆ ನಂಬರಿಗೆ ಫೋನು ಮಾಡಿದಳು. ಎತ್ತಿದ್ದು ಒಬ್ಬ ಹೆಂಗಸು, ಗೃಹೋಪಯೋಗಿ ಸಾಮಾನಿನ ಅಂಗಡಿಯ ಒಡತಿ.

"ಕಂಪನಿಯವ್ರಾ? ಅಬ್ಬಾ! ನೀವಾಗಿ ಫೋನ್ ಮಾಡಿದೀರಾ? ತಾಳಿ, ಕೂತ್ಕೋತೀನಿ."

"ಅಮ್ಮಾ, ಈ ದೂರೆಲ್ಲ ನೀವೇ ಕೊಟ್ಟಿದ್ದಾ?"

"ಇನ್ಯಾರು ಕೊಡ್ತಾರೆ? ನಿಮ್ಮ ಲೈನು ಎತ್ತೋಕೆ ಇಪ್ಪತ್ತು ನಿಮಿಷ. ಅಷ್ಟು ಹೊತ್ತೂ ಆ ಹಾಳು ಸಂಗೀತ. ನನ್ನ ಗಿರಾಕಿಗಳು ಬಂದು ನನ್ನ ತಲೆ ತಿಂತಾರೆ. ನಾನು ಎಲ್ಲಾರದ್ದೂ ಒಂದು ಹಾಳೇಲಿ ಬರ್ಕೊಂಡು, ಸೋಮವಾರ ಬೆಳಗ್ಗೆ ಸ್ಪೀಕರ್ ಹಾಕ್ಕೊಂಡು ಕೂತು, ಒಂದೇ ಸಲ ಬರೆಸ್ತೀನಿ. ನಿಮ್ಮ ಹುಡುಗೀರು ಕರೆ ಮಾಡಿದ ನಂಬರೇ ಹಾಕ್ಕೋತಾರೆ. ಕಂಪ್ಯೂಟರೇ ತುಂಬ್ಕೊಳ್ಳುತ್ತಂತೆ."

"ರಿಪೇರಿಗೆ ಬಂದಿದ್ರಾ?"

"ಬಂದ್ರು, ಬಂದ್ರು. ಬಂದಿಲ್ಲ ಅಂತ ಸುಳ್ಳು ಹೇಳ್ಬಾರದು. ಹಳೇ ಥರ್ಮೋಸ್ಟ್ಯಾಟ್ ಕಿತ್ತು ಅಂಥದ್ದೇ ಇನ್ನೊಂದು ಹಾಕಿ ಹೋದ್ರು. ತಿಂಗಳಾಗ್ಲಿಲ್ಲ, ಅದೂ ಹೋಯ್ತು. ಕ್ಷೌರದಂಗಡಿಯವನ ಕೈ ನೋಡ್ಬೇಕು ನೀವು, ಬೊಬ್ಬೆ ಬಂದು ಬಾತಿದೆ. ಕತ್ತರಿ ಹಿಡಿಯೋ ಕೈ ಕಣಮ್ಮಾ! ಮೂರು ತಿಂಗಳಿಂದ ಹೇಳ್ತಿದೀನಿ. ನಿಮ್ಮಲ್ಲಿ ಯಾರಾದ್ರೂ ಓದ್ತೀರೋ, ಇಲ್ಲಾ ದೂರು ಬಂದ ತಕ್ಷಣ ಕಸದ ಬುಟ್ಟಿಗೋ?"

ಕಸದ ಬುಟ್ಟಿಗೇ, ಎಂದು ಚೀಟಿ ಹೇಳಲಿಲ್ಲ. "ಓದ್ತೀವಮ್ಮಾ" ಎಂದು ಫೋನು ಇಟ್ಟಳು.

ಥರ್ಮೋಸ್ಟ್ಯಾಟ್ ಎಂದರೆ ನೀರು ಸಾಕಷ್ಟು ಕಾದ ಮೇಲೆ ಕರೆಂಟು ಕಡಿಯುವ ಭಾಗ. ಅದು ಕಡಿಯದಿದ್ದರೆ ನೀರು ಕಾಯುತ್ತಲೇ ಇರುತ್ತದೆ. ಒಂದೊಂದು ಮನೆಗೂ ಮೆಕ್ಯಾನಿಕ್ ಹೋಗಿದ್ದ, ಒಂದೊಂದು ದೂರೂ ಮುಗಿದಿತ್ತು. ಆದರೆ ಇವೆಲ್ಲ ಒಂದೇ ರೋಗವೆಂದು ಕಾರ್ಖಾನೆಗೆ ಗೊತ್ತಾಗುವ ದಾರಿ ಎಂದರೆ ತಿಂಗಳ ಸಾರಾಂಶ ಮಾತ್ರ. ಆ ದಾರಿಗೆ ಬೇಲಿ ಹಾಕಿದವಳು ಇವಳು.

ಆ ದಿನವೂ ಮರುದಿನವೂ ಅವಳು ತೆಗೆದುಹಾಕಿದ ಸಾಲುಗಳನ್ನು ಹೆಕ್ಕಿದಳು. ಈ ತಿಂಗಳ ಮೂಲ ದೂರು ಎರಡು ಸಾವಿರದ ಒಂಬೈನೂರ ಹದಿನಾಲ್ಕು. ನಿಯಮ ನುಂಗಿದ್ದು ಐನೂರ ಇಪ್ಪತ್ಮೂರು. ಅದರಲ್ಲಿ ಮುನ್ನೂರ ಹನ್ನೊಂದು ನಿಜವಾಗಿಯೂ ಹೇಳಿದ್ದನ್ನೇ ಹೇಳಿದವು, ಅವು ಹೋಗಬೇಕಾದವೇ. ಮಿಕ್ಕ ಇನ್ನೂರ ಹನ್ನೆರಡು ಬೇರೆ ಬೇರೆ ಮನೆಯವು. ಅವು ಬಂದದ್ದು ಬರೀ ಹದಿನಾಲ್ಕು ನಂಬರುಗಳಿಂದ: ಅಂಗಡಿಯವರು, ಒಬ್ಬ ಹಾಸ್ಟೆಲ್ ವಾರ್ಡನ್, ಇಡೀ ಕಟ್ಟಡದ ಪರವಾಗಿ ಫೋನು ಮಾಡುವ ಒಬ್ಬ ಕಾವಲುಗಾರ. ಇನ್ನೂರ ಹನ್ನೆರಡಕ್ಕೂ ಚೀಟಿ ಹಾಕಿದಾಗ ಎಂಬತ್ತಾರು ಅತಿ ಬಿಸಿಗೆ ಹೋದವು. ಹನ್ನೊಂದು ಹೋಗಿ ತೊಂಬತ್ತೇಳಾಯಿತು. ಹಿಂದಿನ ಎರಡು ತಿಂಗಳನ್ನೂ ಆ ಹದಿನಾಲ್ಕು ನಂಬರುಗಳ ಮಟ್ಟಿಗೆ ಕೆದಕಿ ನೋಡಿದಳು. ಆರು ಎಂದು ಕೊಟ್ಟಿದ್ದು ಮೂವತ್ತೊಂದು, ಎಂಟು ಎಂದು ಕೊಟ್ಟಿದ್ದು ಐವತ್ತೆಂಟು. ಮೂವತ್ತೊಂದು, ಐವತ್ತೆಂಟು, ತೊಂಬತ್ತೇಳು.

ಹಾಳೆ ಹಿಡಿದು ಸಾಹೇಬರ ಗಾಜಿನ ಕೋಣೆಗೆ ಹೋದಳು. ಅವರು ಬಾಣದ ಹಸಿರನ್ನು ಇನ್ನಷ್ಟು ಹಸಿರು ಮಾಡುತ್ತಿದ್ದರು.

"ಸರ್, ನನ್ನ ನಿಯಮ ತಪ್ಪು."

"ಯಾವ ನಿಯಮ?"

"ಒಂದು ನಂಬರು ಒಂದು ದೂರು. ಬೇರೆ ಬೇರೆ ಮನೆಯದ್ದನ್ನೂ ನುಂಗಿದೆ. ನಂಬರು, ವಿಳಾಸ ಎರಡೂ ಒಂದೇ ಆಗಿದ್ರೆ ಮಾತ್ರ ತೆಗೀಬೇಕಿತ್ತು. ಅತಿ ಬಿಸಿ ತೊಂಬತ್ತೇಳು ಸರ್, ಹನ್ನೊಂದಲ್ಲ."

ಸಾಹೇಬರು ಹಾಳೆ ತಗೊಂಡು ಬೆರಳಿಟ್ಟು ಇಳಿಸಿದರು. "ಸರ್ವಿಸ್ ತಡ ಏಳ್ನೂರ ನಾಲ್ಕು. ಸೋರಿಕೆ ಐನೂರ ಹನ್ನೆರಡು. ಬಿಸಿ ಆಗಲ್ಲ ನಾನೂರ ಎಂಬತ್ತೆಂಟು. ದೀಪ, ಗುಂಡಿ ಇನ್ನೂರ ಹತ್ತು. ವಾರಂಟಿ ನೂರ ನಲವತ್ಮೂರು. ನಿಂದು ಆಮೇಲೆ. ಆರನೇದು." ತಲೆಯೆತ್ತಿದರು. "ಮೀಟಿಂಗಿನ ಸ್ಲೈಡಿನಲ್ಲಿ ಎಷ್ಟು ಗುಂಪಿನ ಪಟ್ಟಿ?"

"ಐದು ಸರ್."

"ಮತ್ತೆ? ತೊಂಬತ್ತೇಳಾದ್ರೂ ಬರಲ್ಲ, ಹನ್ನೊಂದಾದ್ರೂ ಬರಲ್ಲ. ಯಾಕಮ್ಮಾ ಇಲ್ಲದ ತಲೆನೋವು?"

"ವಾರಂಟಿ ಕಾರ್ಡಿನಲ್ಲಿ ಹೆಸರು ತಪ್ಪಾದ್ರೆ ಯಾರ ಕೈಯೂ ಸುಡಲ್ಲ ಸರ್. ಮೂರು ತಿಂಗಳಲ್ಲಿ ಇದು ಮೂರು ಪಟ್ಟಾಗಿದೆ."

"ಅದಕ್ಕೆ ಆ ಎರಡು ತಿಂಗಳ ಸಾರಾಂಶ ತಪ್ಪು ಅಂತ ಮೇಲಿನವರಿಗೆ ಹೇಳ್ಬೇಕು. ಒಟ್ಟು ದೂರು ಇಳಿದೇ ಇಲ್ಲ ಅಂತ ಹೇಳ್ಬೇಕು. ಬಾಣ ತಿರುಗುತ್ತೆ. ನಿನ್ನ ಶಿಫಾರಸಿನಲ್ಲಿ ನಾನು ಏನು ಬರೆದಿದೀನಿ, ನೆನಪಿದೆಯಾ?" ಅವರು ಡ್ರಾಯರು ಎಳೆದು ಒಂದು ಲಕೋಟೆಯನ್ನು ಅರ್ಧ ತೋರಿಸಿ ಮತ್ತೆ ತಳ್ಳಿದರು. "ಬರೋ ತಿಂಗಳಿಂದ ಸದ್ದಿಲ್ಲದೆ ಸರಿ ಮಾಡ್ಕೋ. ಹಳೇ ಗೋರಿ ಅಗೀಬೇಡ. ಮೀಟಿಂಗಿಗೆ ಹನ್ನೊಂದೇ ಇರಲಿ."

ಹೊರಗೆ ಬಂದಾಗ ತಾತ ಕೇಳಿದರು, "ಏನಂದ?"

"ಆರನೇದಂತೆ."

"ಐದು ಬೆರಳು ಎಣಿಸಿ ಆರನೇದಕ್ಕೆ ಕೈ ಸಾಲ್ಲಿಲ್ಲ ಅನ್ನು. ಅವನ ಮನೆ ಗೀಸರ್ ನಾನೇ ಕೂರಿಸಿದ್ದು. ಕೆಡಲ್ಲ, ಅದೇ ಬೇಜಾರು."

ಮರುದಿನ ಬೆಳಗ್ಗೆ ಅಕ್ಕನ ಅಡುಗೆಮನೆಯಲ್ಲಿ ಈ ಕಥೆಯೆಲ್ಲ ಒದರಿದಳು. ಅಕ್ಕ ಲೋಟ ತೊಳೆಯುತ್ತ ಕೇಳಿದಳು. ಭಾವ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದ.

"ನಿನಗೆ ಕೋಣೆ ಬೇಕಾ, ತೊಂಬತ್ತೇಳು ಬೇಕಾ?" ಅಕ್ಕ ಕೇಳಿದಳು.

"ಎರಡೂ ಬೇಕು."

"ಎರಡು ದೋಣಿ ಮೇಲೆ ಕಾಲಿಟ್ಟವಳು ಹೊಳೆ ಪಾಲು ಕಣೇ."

ಭಾವ ಉಗಿದು ಬಂದ. "ಒಂದು ನಂಬರು ಒಂದು ದೂರು ಅಂತ ಮಾಡಿದ ಜಾಣೆ ಯಾರು? ಇವಳೇ. ನಮ್ಮ ಮನೆಯಲ್ಲೂ ನಂಬರು ಒಂದೇ, ನಿಮ್ಮಕ್ಕಂದು. ಹಂಗಾದ್ರೆ ನನ್ನ ದೂರು ಎಲ್ಲೂ ಎಣಿಕೆಗೇ ಬರಲ್ಲ ಅನ್ನು!"

"ನಿಮ್ಮ ದೂರು ಯಾವುದು ಭಾವಾ?"

"ಹಜಾರ" ಎಂದ ಭಾವ, ನಗುತ್ತಲೇ. ಆದರೆ ಹೇಳಿಯಾಗಿತ್ತು.

ಚೀಟಿ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಇಡೀ ದಾರಿ ಅವಳಿಗೆ ಎಲ್ಲರ ಮೇಲೂ ಸಿಟ್ಟು: ಬಾಣದ ಮೇಲೆ, ಭಾವನ ಮೇಲೆ, ಇಪ್ಪತ್ತು ನಿಮಿಷದ ಸಂಗೀತದ ಮೇಲೆ, ಸರಿಯಾದ ಹಾಳೆ ತೆರೆಯಲು ಬಾರದೆ ಸರಿಯಾದದ್ದನ್ನೇ ಕಂಡ ತಾತನ ಮೇಲೆ. ಮೊದಲೇ ವಿಳಾಸ ನೋಡದ ತನ್ನ ಮೇಲೆ ಮಾತ್ರ ಸಿಟ್ಟು ಮಾಡಿಕೊಳ್ಳಲು ಬಿಡುವಾಗಲಿಲ್ಲ, ಅಷ್ಟರಲ್ಲಿ ಕಚೇರಿ ಬಂತು.

ಸಾರಾಂಶದ ಎರಡನೇ ಪುಟದ ಕೆಳಗೆ ಒಂದು ಚೌಕವಿತ್ತು: ಗ್ರಾಹಕರ ಮಾತಿನಲ್ಲಿ. ಪ್ರತಿ ತಿಂಗಳೂ ಅಲ್ಲಿ ಮೂರು ದೂರುಗಳನ್ನು ಬರೆದವರ ಮಾತಿನಲ್ಲೇ ಹಾಕುವ ಪದ್ಧತಿ. ಆರಿಸುವವಳು ಚೀಟಿ. ಅದರಲ್ಲಿ ಅಂಕಿ ಇಲ್ಲದ ಕಾರಣ ಸಾಹೇಬರು ಅದನ್ನು ಓದುತ್ತಿರಲಿಲ್ಲ. ಸಾಮಾನ್ಯವಾಗಿ ಸೋಮಾರಿ ಅಳಿಯನಂಥದ್ದನ್ನು ಹಾಕಿ ನಗಿಸುತ್ತಿದ್ದಳು. ಈ ಸಲ ಹೀಗೆ ಹಾಕಿದಳು:

"ಗುಂಡಿ ಆರಿಸದಿದ್ದರೆ ನೀರು ಕುದಿಯುತ್ತಲೇ ಇರುತ್ತದೆ. ಮೊದಲು ತಾನಾಗಿ ಆರುತ್ತಿತ್ತು."

"ಕ್ಷೌರದಂಗಡಿ. ನಲ್ಲಿ ತಿರುಗಿಸಿದರೆ ಹಬೆ ಬಂತು, ಕೈ ಸುಟ್ಟಿದೆ. ರಿಪೇರಿಯಾಗಿ ತಿಂಗಳಾಗಿಲ್ಲ."

"ಟ್ಯಾಂಕಿನೊಳಗೆ ಗುಡುಗುಡು ಸದ್ದು. ಭಯಕ್ಕೆ ಮೇನ್ ಆರಿಸಿ ಸ್ನಾನ ಮಾಡುತ್ತಿದ್ದೇವೆ."

ಸಾಹೇಬರು ಬಾಣ ನೋಡಿದರು, ಐದು ಪಟ್ಟಿ ನೋಡಿದರು, "ಸರಿ" ಎಂದರು.

ಮೀಟಿಂಗಿನಲ್ಲಿ ಉದ್ದ ಮೇಜು, ಆರಿದ ಟೀ. ಸ್ಲೈಡು ಸರಿಸಲು ಚೀಟಿ ಮೂಲೆಯಲ್ಲಿ ಕೂತಿದ್ದಳು. ಕಾರ್ಖಾನೆಯ ಮುಖ್ಯಸ್ಥೆ, ಎಲ್ಲರೂ ಕಾರ್ಖಾನೆ ಮೇಡಂ ಎನ್ನುವವರು, ಅಲ್ಲಿಯವರೆಗೆ ಮೊಬೈಲು ನೋಡುತ್ತಿದ್ದರು. ಎರಡನೇ ಪುಟ ಬಂದಾಗ ಕನ್ನಡಕ ಏರಿಸಿದರು.

"ಇವು ಮೂರೂ ಒಂದೇ ಥರ ಇದೆಯಲ್ಲ. ಇಂಥವು ಈ ತಿಂಗಳು ಎಷ್ಟು?"

"ಹನ್ನೊಂದು ಮೇಡಂ" ಎಂದರು ಸಾಹೇಬರು, ಉಸಿರು ತಪ್ಪದೆ. "ಅಲ್ಲೊಂದು ಇಲ್ಲೊಂದು."

"ಹನ್ನೊಂದರಲ್ಲಿ ಮೂರು ಆರಿಸಿ ಹಾಕಿದ್ದು ಯಾಕೆ?"

ಸಾಹೇಬರು ಮೂಲೆಗೆ ನೋಡಿದರು. ಆ ನೋಟದಲ್ಲಿ ಡ್ರಾಯರು, ಲಕೋಟೆ, ಚಿಲಕವಿರುವ ಬಾಗಿಲು ಎಲ್ಲ ಇತ್ತು. ಹನ್ನೊಂದು ಎಂದರೆ ಒಂದು ಪದ. ಹಿಂದಿನ ಎರಡು ತಿಂಗಳು ಆರು, ಎಂಟು ಎಂದಿದ್ದಳು, ಆಗ ನಾಲಿಗೆ ತಡವರಿಸಿರಲಿಲ್ಲ.

"ಹನ್ನೊಂದಲ್ಲ ಮೇಡಂ, ತೊಂಬತ್ತೇಳು. ಹೋದ ತಿಂಗಳು ಐವತ್ತೆಂಟು, ಅದರ ಹಿಂದೆ ಮೂವತ್ತೊಂದು. ಒಂದೇ ನಂಬರಿನಿಂದ ಬಂದ ದೂರೆಲ್ಲ ಒಂದೇ ಅಂತ ನಾನು ನಿಯಮ ಮಾಡಿದ್ದೆ. ಅಂಗಡಿಯವರು ಗಿರಾಕಿಗಳ ಪರವಾಗಿ ಫೋನ್ ಮಾಡ್ತಾರೆ ಅಂತ ನನಗೆ ಹೊಳೀಲಿಲ್ಲ. ತಪ್ಪು ನಂದು."

ಯಾರದೋ ಚಮಚ ತಟ್ಟೆಯ ಮೇಲೆ ಸದ್ದು ಮಾಡಿತು.

"ಗೀಸರುಗಳ ಸೀರಿಯಲ್ ನಂಬರು ಇದೆಯಾ?" ಮೇಡಂ ಕೇಳಿದರು.

"ಮೂಲ ಹಾಳೆಯಲ್ಲಿದೆ ಮೇಡಂ."

"ಮೂರು ತಿಂಗಳ ಮೂಲ ಹಾಳೆ, ಒಂದೊಂದು ಸಾಲೂ ಓದಿ, ಶುಕ್ರವಾರದೊಳಗೆ ಬೇಕು. ನಿಯಮ ಗಿಯಮ ಬೇಡ, ಕಣ್ಣಲ್ಲಿ ಓದಿ. ಆ ಥರ್ಮೋಸ್ಟ್ಯಾಟ್ ಅಲ್ಲೀವರೆಗೂ ಕಾರ್ಖಾನೆಯ ಜೋಡಣೆ ಲೈನಿಗೆ ಹೋಗಲ್ಲ." ಅವರು ಫೋನು ಎತ್ತಿಕೊಂಡು ಹೊರಗೆ ನಡೆದರು. ಶಹಭಾಸ್ ಎನ್ನಲಿಲ್ಲ, ಬೈಯಲೂ ಇಲ್ಲ.

ಸಾಹೇಬರು ಬೈದರು. ಗಾಜಿನ ಕೋಣೆಯಲ್ಲಿ ನಿಲ್ಲಿಸಿಕೊಂಡು, ಹೊರಗಿನವರಿಗೆಲ್ಲ ಕಾಣುವಂತೆ, ಅರ್ಧ ಗಂಟೆ. ಕೊನೆಗೆ, "ಕಾಗದ ಈ ತಿಂಗಳು ಇಲ್ಲ. ಶಿಫಾರಸಿನಲ್ಲಿ ಬರೆದ ಸಾಧನೆಯೇ ತಪ್ಪು ಅಂತ ನೀನೇ ಸಾರಿದ ಮೇಲೆ ನಾನು ಏನಂತ ಸಹಿ ಹಾಕಲಿ? ಆರು ತಿಂಗಳು ಬಿಟ್ಟು ನೋಡೋಣ" ಎಂದರು. ಅದರಲ್ಲಿ ತರ್ಕವಿತ್ತು, ಅದೇ ಅವಳನ್ನು ಇನ್ನಷ್ಟು ರೇಗಿಸಿದ್ದು.

ಆರು ತಿಂಗಳು ಟಿವಿ ಮತ್ತು ಚಪ್ಪಲಿ ಸ್ಟ್ಯಾಂಡು. ಅವಳು ಬಂದು ಕುರ್ಚಿಯ ಮೇಲೆ ಧೊಪ್ಪನೆ ಕೂತಳು. ಎಂಟು ಸಾವಿರಕ್ಕೂ ಮೇಲ್ಪಟ್ಟ ಸಾಲು, ನಾಲ್ಕು ದಿನ.

"ಅಳ್ತೀಯಾ?" ತಾತ ಕೇಳಿದರು.

"ಪುರುಸೊತ್ತಿಲ್ಲ. ಹಾಳೆ ತೆಗೀರಿ. ಹಸಿರಲ್ಲ!"

"ಈಗ ಹಸಿರಲ್ವಂತೆ" ಎಂದು ತಾತ ಗೋಡೆಗೆ ಹೇಳಿದರು.

ಅತಿ ಹಳೆಯ ತಿಂಗಳಿನಿಂದ ಶುರುಮಾಡಿದರು. ಅರ್ಧ ದಿನ ಕಳೆಯುವಷ್ಟರಲ್ಲಿ ಅವಳಿಗೆ ಎದುರಾದವರು ಹೆಡ್‌ಮಾಸ್ತರರು, ಅರವತ್ತೊಂದು ಸಾಲುಗಳ ಸಮೇತ. ಆಗ ಓದಿದ್ದು ಆರು, ಇನ್ನೈವತ್ತೈದು ಬಾಕಿ. ಅವಳು ನಿಟ್ಟುಸಿರು ಬಿಟ್ಟು ಜೋರಾಗಿ ಓದತೊಡಗಿದಳು, ನರಳುವುದಾದರೆ ಇಬ್ಬರೂ ನರಳಲಿ ಎಂದು.

"'ಮಾನ್ಯರೇ, ತಮ್ಮ ಯಂತ್ರದ ಕೆಂಪು ದೀಪವು ಈ ದಿನವೂ ಆರಲಿಲ್ಲ.' ಮುಂದಿನದು. 'ಮಾನ್ಯರೇ, ಗಡಿಯಾರ ಹಿಡಿದು ಎರಡು ಗಂಟೆ ಕಾದೆನು. ಕೆಂಪು ದೀಪವು ಆರಲಿಲ್ಲ.' ಅಯ್ಯೋ ಪುಣ್ಯಾತ್ಮ, ದೀಪ ಉರಿದ್ರೆ ಉರೀಲಿ ಬಿಡಿ! 'ಮಾನ್ಯರೇ, ದೀಪವು ಆರುವುದಿಲ್ಲವೆಂಬುದನ್ನು ತಾವು...'"

ತಾತ ಮೊಳೆ ಹೊಡೆಯುವುದನ್ನು ನಿಲ್ಲಿಸಿದರು. "ಇದಕ್ಕೆ ಯಾವ ಚೀಟಿ ಹಾಕಿದ್ದೆ?"

"ದೀಪ, ಗುಂಡಿ. ಇನ್ನೇನು?"

"ಆ ಕೆಂಪು ದೀಪ ಯಾವಾಗ ಉರಿಯುತ್ತೆ ಗೊತ್ತಾ? ಒಳಗೆ ಕಾಯ್ಲ್ ಕಾಯ್ತಿರೋವಾಗ. ನೀರು ಕಾದು ಥರ್ಮೋಸ್ಟ್ಯಾಟ್ ಕರೆಂಟ್ ಕಡಿದ ತಕ್ಷಣ ದೀಪ ಆರ್ಬೇಕು. ಎರಡು ಗಂಟೆ ಆದ್ರೂ ಆರ್ಲಿಲ್ಲ ಅಂದ್ರೆ..."

ಅವರು ಮುಗಿಸಬೇಕಾಗಿರಲಿಲ್ಲ. ಚೀಟಿ ಪರದೆಯನ್ನೇ ನೋಡಿದಳು. ಈ ರೋಗವನ್ನು ಮೊಟ್ಟಮೊದಲು ಪತ್ತೆ ಹಿಡಿದವರು ಹೆಡ್‌ಮಾಸ್ತರರು. ಗಡಿಯಾರ ಹಿಡಿದು, ದಿನಕ್ಕೆರಡು ಸಲ, ಒಂದು ತಿಂಗಳು. ಅವರ ಬಾಯಿ ಮುಚ್ಚಿಸಲೆಂದೇ ಅವಳು ನಿಯಮ ಮಾಡಿದ್ದು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ತಾತಾ?"

"ನೀನು ಅವರದ್ದನ್ನ ನನಗೆ ಕೊಟ್ಟಿದ್ಯಾ? ಮೊದಲನೇದು ನೀನೇ ಇಟ್ಕೊಂಡೆ, ಮಿಕ್ಕಿದ್ದು ನುಂಗಿದೆ."

ಅದೂ ನಿಜ. ಇವತ್ತು ಎಲ್ಲರೂ ನಿಜವನ್ನೇ ಹೇಳುತ್ತಿದ್ದರು, ಏನು ಗ್ರಹಚಾರವೋ. ದೀಪ, ಗುಂಡಿಯ ಗುಂಪಿನಲ್ಲಿ ಈ ತಿಂಗಳದ್ದೇ ಇನ್ನೂರ ಹತ್ತು ದೂರು ಇದ್ದವು. ಅದರಲ್ಲಿ ಉರಿಯದ ದೀಪ ಎಷ್ಟೋ, ಆರದ ದೀಪ ಎಷ್ಟೋ. ಎಲ್ಲವನ್ನೂ ಮತ್ತೆ ಓದಬೇಕು.

ಮೊದಲು ಹೆಡ್‌ಮಾಸ್ತರರಿಗೆ ಫೋನು ಮಾಡಿದಳು. ಎರಡನೇ ರಿಂಗಿಗೇ ಎತ್ತಿದರು. ಅವಳು ಕಂಪನಿಯ ಹೆಸರು ಹೇಳಿದಳು.

"ತಡವಾಗಿ ಬಂದಿದ್ದೀರಿ" ಎಂದಿತು ಧ್ವನಿ. "ಕಾರಣ?"

ಚೀಟಿಗೆ ಶಾಲೆಯ ಬಾಗಿಲಲ್ಲಿ ನಿಂತಂತಾಯಿತು. "ಸರ್, ಗೀಸರ್ ಹಾಕ್ಬೇಡಿ. ಮೇನ್ ಆರಿಸಿ ಇಡಿ. ದೀಪದ ವಿಷಯ ನೀವು ಹೇಳಿದ್ದು ಸರಿ ಇತ್ತು."

"ಎರಡು ತಿಂಗಳ ಹಿಂದೆಯೇ ಆರಿಸಿದ್ದೇನೆ. ಒಲೆಯ ಮೇಲೆ ನೀರು ಕಾಯಿಸುತ್ತೇನೆ. ದೂರು ಕೊಡುವುದನ್ನೂ ನಿಲ್ಲಿಸಿದೆ. ಕಿವುಡರ ಮುಂದೆ ಶಂಖ ಊದಿ ಏನು ಪ್ರಯೋಜನ? ಎಷ್ಟು ಕೊಟ್ಟಿದ್ದೆ?"

"ಅರವತ್ತೊಂದು ಸರ್."

"ಎಷ್ಟು ಎಂದು ಬರೆದುಕೊಂಡಿರಿ?"

ಅವಳು ಪರದೆ ನೋಡಿದಳು. ಅರವತ್ತೊಂದು ಸಾಲು. ಒಂದೇ ನಂಬರು, ಒಂದೇ ವಿಳಾಸ, ಒಂದೇ ಗೀಸರ್. ಅವಳ ನಿಯಮ ಯಾರಿಗಾದರೂ ಸರಿಹೊಂದುವುದಿದ್ದರೆ ಇವರಿಗೇ.

"ಒಂದು ಸರ್" ಎಂದಳು. ಫೋನು ಕಿವಿಯಲ್ಲಿರುವಾಗಲೇ ದೀಪ, ಗುಂಡಿಯನ್ನು ಅಳಿಸಿ ಅತಿ ಬಿಸಿ ಎಂದು ಬರೆದಳು. ಆ ತಿಂಗಳ ಮೂವತ್ತೊಂದು ಮೂವತ್ತೆರಡಾಯಿತು.